ಕಾಲು ಬೇರೆ, ಕಾಳು ಬೇರೆ

ನಾನು ಕಲಿಸುವುದು ವಿಜ್ಞಾನ. ಕನ್ನಡದ ಕಾಗುಣಿತಕ್ಕೆ ಕೈಹಾಕುವುದು ನನ್ನ ಕೆಲಸವಲ್ಲ. ಆದರೂ ಈ ವಾರ ಎರಡು ಅಕ್ಷರಗಳ ವಿಷಯ ಬರೆಯಬೇಕಾಗಿ ಬಂದಿದೆ. ಅದಕ್ಕೆ ಕಾರಣ ಕಿರುಪರೀಕ್ಷೆಯ ಒಂದು ಉತ್ತರಪತ್ರಿಕೆ. ‘ತೊಗರಿ, ಕಡಲೆ, ಹೆಸರು ಇವು ದ್ವಿದಳ ಕಾಲುಗಳು’ ಎಂದು ಒಬ್ಬ ಹುಡುಗ ಬರೆದಿದ್ದ. ಕೆಳಗಿನ ಸಾಲಿನಲ್ಲಿ ‘ಆಮ್ಲಗಳ ರುಚಿ ಹುಲಿ’ ಎಂದಿತ್ತು. ತೊಗರಿ ಬೆಳೆಯುವ ನಮ್ಮ ಶಹಾಪುರ ಸೀಮೆಯಲ್ಲಿ ಕಾಳಿಗೆ ಕಾಲು ಮೂಡಿದ್ದನ್ನು ಕಂಡು ನಗು ಬಂತು. ಆದರೆ ಹುಡುಗನಿಗೆ ವಿಷಯ ಗೊತ್ತಿದೆ. ಅಂಕ ಕೊಡಲೋ ಬೇಡವೋ ಎಂದು ಕೆಂಪು ಪೆನ್ನು ಹಿಡಿದು ಸ್ವಲ್ಪ ಹೊತ್ತು ಕುಳಿತೆ.

ಅವನನ್ನೇ ಕರೆದು ಕೇಳಿದೆ. ‘ಸರ, ನನಗ ಎರಡೂ ಒಂದೇ ಕೇಳಸ್ತಾವ್ರಿ’ ಎಂದ. ಅದು ಸುಳ್ಳಲ್ಲ. ಅವನ ಮನೆಮಾತು ಉರ್ದು. ಉರ್ದುವಿನಲ್ಲಿ ಲ ಇದೆ, ಳ ಇಲ್ಲ. ಚಿಕ್ಕಂದಿನಿಂದ ಕೇಳದ ದನಿಯನ್ನು ಕಿವಿ ತನಗೆ ಗೊತ್ತಿರುವ ಹತ್ತಿರದ ದನಿಯ ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ಇದರಲ್ಲಿ ಮಗುವಿನ ಸೋಮಾರಿತನವೇನೂ ಇಲ್ಲ.

ಹಾಗಾದರೆ ಕಲಿಸುವುದು ಹೇಗೆ? ಒಂದು ಸಣ್ಣ ಪ್ರಯೋಗ ಮಾಡಿಸಿದೆ, ನೀವೂ ಮಾಡಿ. ‘ಲ್’ ಎಂದು ಹೇಳುತ್ತ ನಾಲಿಗೆಯನ್ನು ಅಲ್ಲೇ ನಿಲ್ಲಿಸಿ, ಬಾಯಿಯಿಂದ ಉಸಿರನ್ನು ಒಳಗೆ ಎಳೆದುಕೊಳ್ಳಿ. ನಾಲಿಗೆಯ ಎರಡೂ ಪಕ್ಕಕ್ಕೆ ತಂಪು ತಗಲುತ್ತದೆ. ‘ಳ್’ ಹೇಳಿ ಹೀಗೆಯೇ ಮಾಡಿದರೂ ತಂಪು ಪಕ್ಕಕ್ಕೇ. ಎಂದರೆ ಎರಡರಲ್ಲೂ ಗಾಳಿಯ ದಾರಿ ಒಂದೇ. ವ್ಯತ್ಯಾಸ ಇರುವುದು ನಾಲಿಗೆಯ ತುದಿಯಲ್ಲಿ. ಲ ಹೇಳುವಾಗ ಅದು ಮೇಲಿನ ಹಲ್ಲಿನ ಹಿಂದೆ ತಾಗುತ್ತದೆ. ಳ ಹೇಳುವಾಗ ಹಿಂದಕ್ಕೆ ಮಡಚಿ ಅಂಗಳಕ್ಕೆ ತಾಗುತ್ತದೆ. ಕನ್ನಡಿ ಹಿಡಿದು ಬಾಯಿ ತುಸು ಅಗಲಿಸಿದರೆ ಳ ಹೇಳುವಾಗ ನಾಲಿಗೆಯ ಅಡಿಭಾಗ ಕಾಣುತ್ತದೆ.

ಆ ಹುಡುಗನ ನಾಲಿಗೆಗೆ ಈ ಮಡಚುವಿಕೆ ಹೊಸದೇನಲ್ಲ. ಡಬ್ಬಾ ಎನ್ನುವಾಗ ಅವನು ದಿನವೂ ಮಡಚುತ್ತಾನೆ. ‘ಡ ಹೇಳಾಕ ನಾಲಿಗಿ ಎತ್ತು. ಅಲ್ಲೇ ಇರಲಿ. ಈಗ ದನಿ ಪಕ್ಕದಿಂದ ಬಿಡು’ ಎಂದೆ. ನಾಲ್ಕೈದು ಸಲ ತಡವರಿಸಿ ‘ಕಾಳು’ ಎಂದ. ಬಾಯಿಗೆ ಬಂದ ಮೇಲೆ ಕಿವಿಗೂ ನಿಧಾನವಾಗಿ ಬರುತ್ತದೆ.

ಕನ್ನಡ ಮನೆಮಾತಿನ ಮಕ್ಕಳೂ ತಪ್ಪು ಬರೆಯುತ್ತಾರೆ. ಅದರ ಕಾರಣ ಬೇರೆ ಇರಬಹುದು. ಪಾಲಕರು ಹೀಗೆ ಪರೀಕ್ಷಿಸಿ ನೋಡಿ. ಬಲೆ-ಬಳೆ, ಮೂಲೆ-ಮೂಳೆ, ಹಾಲು-ಹಾಳು, ಹಲ್ಲಿ-ಹಳ್ಳಿ, ಕಲ್ಲು-ಕಳ್ಳು, ಇಂಥ ಜೋಡಿಗಳನ್ನು ಒಂದು ಹಾಳೆಯಲ್ಲಿ ಬರೆದಿಡಿ. ಪ್ರತಿ ಜೋಡಿಯಲ್ಲಿ ಒಂದನ್ನು ಮಾತ್ರ ಹೇಳಿ, ಮಗು ಬೆರಳಿಟ್ಟು ತೋರಿಸಲಿ. ತೋರಿಸುವುದೇ ತಪ್ಪಾದರೆ ಕೊರತೆ ಕಿವಿಯಲ್ಲಿದೆ, ಮೇಲಿನ ಪ್ರಯೋಗ ಬೇಕು. ಸರಿಯಾಗಿ ತೋರಿಸಿಯೂ ಬರೆಯುವಾಗ ತಪ್ಪಿದರೆ ಅದು ಕೈಯ ಅವಸರ. ಅಂಥವರಿಗೆ ಬರೆಯುವಾಗ ಶಬ್ದವನ್ನು ಬಾಯಿಬಿಟ್ಟು ಹೇಳಿಕೊಳ್ಳುವ ರೂಢಿ ಸಾಕು.

ಅತಿ ಹೆಚ್ಚು ತಪ್ಪು ಬೀಳುವುದು ಶಬ್ದದ ಕೊನೆಯಲ್ಲಿ. ‘ಮಕ್ಕಲು’, ‘ಮನೆಯಳ್ಳಿ’ ಎಂಬಂಥವು. ಅದೃಷ್ಟಕ್ಕೆ ಇಲ್ಲಿ ಯೋಚಿಸುವ ಕೆಲಸವೇ ಇಲ್ಲ. ‘ಅವಳು ಶಾಲೆಯಲ್ಲಿ ಮಕ್ಕಳಿಗೆ ಪದ್ಯಗಳನ್ನು ಹೇಳಲು ಬಂದಳು’ ಎಂಬ ಒಂದು ವಾಕ್ಯ ಬಾಯಿಪಾಠವಾದರೆ ಸಾಕು. ಬಹುವಚನದ ‘ಗಳು’, ಹೆಣ್ಣುಮಕ್ಕಳನ್ನು ಹೇಳುವ ‘ಅಳು’ ಯಾವಾಗಲೂ ಳ. ಜಾಗ ಹೇಳುವ ‘ಅಲ್ಲಿ’, ಹೇಳಲು ಮಾಡಲು ಎನ್ನುವಾಗಿನ ‘ಅಲು’ ಯಾವಾಗಲೂ ಲ. ಶಬ್ದದ ಮೊದಲಲ್ಲಂತೂ ಅಚ್ಚಗನ್ನಡದಲ್ಲಿ ಳ ಬರುವುದೇ ಇಲ್ಲ.

ಸಂಸ್ಕೃತದಿಂದ ಬಂದ ಕಾಲ, ಫಲ, ಮೂಲ, ಬಾಲಕ ಇವುಗಳಲ್ಲಿ ಲ ಇರುತ್ತದೆ. ಇಷ್ಟಕ್ಕೇ ನಿಯಮ ಮುಗಿಯಿತು ಎನ್ನುವಂತಿಲ್ಲ. ಸ್ಥಳ, ಸರಳ, ಮಂಗಳ, ದಳ ಇವೂ ಸಂಸ್ಕೃತದವೇ, ಅಲ್ಲಿ ಲ ಇದ್ದವು ನಮ್ಮಲ್ಲಿ ಳ ಆದವು. 13ನೇ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಇಂಥ ಳಕಾರಕ್ಕೆ ‘ಕ್ಷಳ’ ಎಂದು ಬೇರೆ ಹೆಸರನ್ನೇ ಇಟ್ಟಿದ್ದಾನೆ. ಇವನ್ನು ನೆನಪಿಡಬೇಕು, ಬೇರೆ ಉಪಾಯವಿಲ್ಲ. ನಮ್ಮ ಹುಡುಗ ಕಷ್ಟದ ‘ದ್ವಿದಳ’ವನ್ನು ಸರಿ ಬರೆದು ಮನೆಯಲ್ಲಿ ದಿನವೂ ಕಾಣುವ ಕಾಳಿನಲ್ಲಿ ಎಡವಿದ್ದ!

ಇದು ಶಾಲೆಯ ಮಾತಷ್ಟೇ ಅಲ್ಲ. ಒಮ್ಮೆ ಪರಿಚಯದ ರೈತರೊಬ್ಬರು ಅರ್ಜಿ ತೋರಿಸಲು ತಂದಿದ್ದರು. ಮಗನೇ ಕಂಪ್ಯೂಟರಿನಲ್ಲಿ ಹೊಡೆದದ್ದು. ಮಳೆಗೆ ಹತ್ತಿ ಹೋಗಿತ್ತು, ಅರ್ಜಿಯಲ್ಲಿ ‘ಬೆಲೆ ಹಾನಿ ಪರಿಹಾರ’ ಎಂದಿತ್ತು. ನುಡಿ ಕೀಲಿಮಣೆಯಲ್ಲಿ l ಒತ್ತಿದರೆ ಲ, ಶಿಫ್ಟ್ ಹಿಡಿದು ಒತ್ತಿದರೆ ಳ. ಹುಡುಗ ಶಿಫ್ಟ್ ಮರೆತಿದ್ದ. ‘ಬೆಲಿ ಹಾನಿನೂ ಆಗ್ಯಾದ ಬಿಡ್ರಿ ಸರ, ಆದ್ರ ಅದಕ್ಕ ಪರಿಹಾರ ಯಾರೂ ಕೊಡಂಗಿಲ್ಲ’ ಎಂದು ನಕ್ಕು ಅವರು ಕಾಗದ ಮಡಚಿಕೊಂಡು ತಿದ್ದಿಸಲು ಹೋದರು.

ಅಂದ ಹಾಗೆ, ದ್ವಿದಳದ ಉತ್ತರಕ್ಕೆ ವಿಜ್ಞಾನದ ಅಂಕ ಪೂರ್ತಿ ಕೊಟ್ಟೆ. ‘ಕಾಲುಗಳು’ ಎಂಬುದಕ್ಕೆ ಕೆಂಪು ಸುತ್ತು ಹಾಕಿ, ಕಾಳು ಎಂದು ಹತ್ತು ಸಲ ಹೇಳುತ್ತ ಬರೆದು ತರಲು ಹೇಳಿದ್ದೇನೆ.