ಗುಟ್ಟಾಗಿ ಹುಡುಕಿದರೆ ಕಳ್ಳತನವೇ?

ನಮ್ಮಲ್ಲಿ ಮಗಳಿಗೆ ಗಂಡು ನೋಡುವಾಗ ಮಾತುಕತೆ ಕುದುರುವ ತನಕ ಪಕ್ಕದ ಮನೆಯವರಿಗೂ ಬಾಯಿ ಬಿಡುವುದಿಲ್ಲ. ಅದನ್ನು ಯಾರೂ ಮೋಸ ಎನ್ನುವುದಿಲ್ಲ, ಜಾಣತನ ಎನ್ನುತ್ತೇವೆ. ಆದರೆ ಅದೇ ಮಗಳು ಇರುವ ಕೆಲಸದಲ್ಲಿ ಇದ್ದುಕೊಂಡೇ ಇನ್ನೊಂದು ಕೆಲಸ ಹುಡುಕಿದಳೆಂದರೆ, 'ಉಂಡ ಮನೆಗೆ ದ್ರೋಹ ಬಗೆಯಬಾರದಮ್ಮ' ಎಂದು ಮನೆಯ ಹಿರಿಯರೇ ಶುರು ಮಾಡುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಕಂಪನಿ ಅನ್ನ ಹಾಕುವ ಮನೆಯಲ್ಲ. ಅಲ್ಲಿ ದುಡಿತಕ್ಕೆ ಕೂಲಿ ಸಿಗುತ್ತದೆ, ಅಷ್ಟೆ.

ನನ್ನ ಅಕ್ಕನ ಮಗಳು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸದಲ್ಲಿ ನಾಲ್ಕು ವರ್ಷದಿಂದ ಇದ್ದಾಳೆ. ತಿಂಗಳಿಗೆ ನಲವತ್ತೈದು ಸಾವಿರ. ಕಳೆದ ಏಳು ತಿಂಗಳಿಂದ ಬೇರೆ ಕೆಲಸ ಹುಡುಕುತ್ತಿದ್ದಾಳೆ. ಫೋನ್ ಬಂದರೆ ಮೆಟ್ಟಿಲ ಸಂದಿಗೆ ಓಡುತ್ತಾಳೆ. ಸಂದರ್ಶನವಿದ್ದ ದಿನ ಅಜ್ಜಿಗೆ ಜ್ವರ ಬರುತ್ತದೆ. ಒಮ್ಮೆ ಒಬ್ಬರಿಗೆ ಕಳಿಸಬೇಕಾದ ವರದಿಯನ್ನು ಇನ್ನೊಬ್ಬರಿಗೆ ಕಳಿಸಿ ಬೈಸಿಕೊಂಡಳು. 'ಬೈದರೆ ಪರವಾಗಿಲ್ಲ ಚಿಕ್ಕಮ್ಮ, ನಮ್ಮ ಮ್ಯಾನೇಜರ್ ಒಳ್ಳೆಯವರು. ಅಮ್ಮನ ಆಪರೇಷನ್ನಿಗೆ ಕೇಳದೇ ರಜೆ ಕೊಟ್ಟಿದ್ದರು. ಅವರ ಮುಖ ನೋಡಿದರೆ ಹೊಟ್ಟೆ ತೊಳಸುತ್ತೆ' ಎನ್ನುತ್ತಾಳೆ.

ಹುಡುಗಿಯ ಮನಸ್ಸು ದುರ್ಬಲ ಎಂದು ತೀರ್ಪು ಕೊಡುವ ಮೊದಲು ಅವಳ ನೇಮಕಾತಿ ಪತ್ರವನ್ನು ಓದಿ ನೋಡಿ. ನಾನು ಓದಿದೆ. ಕೆಲಸ ಬಿಡುವವರು ತೊಂಬತ್ತು ದಿನ ಮೊದಲೇ ನೋಟಿಸ್ ಕೊಡಬೇಕು. ಐಟಿ ಕಂಪನಿಗಳಲ್ಲಿ ಇದು ಸಾಮಾನ್ಯವಾದ ಷರತ್ತು. ಆದರೆ ಹೊಸದಾಗಿ ಕರೆಯುವ ಕಂಪನಿಗೆ ಜನ ಬೇಕಾಗುವುದು ಮೂವತ್ತು ದಿನದೊಳಗೆ. ಫೋನ್ ಮಾಡಿದವರು ಓದು, ಅನುಭವ ಎಲ್ಲ ಕೇಳಿ ಕೊನೆಗೆ 'ನೋಟಿಸ್ ಎಷ್ಟು ದಿನ?' ಎನ್ನುತ್ತಾರೆ. ತೊಂಬತ್ತು ಎಂದ ಕೂಡಲೇ 'ಆಮೇಲೆ ತಿಳಿಸುತ್ತೇವೆ'. ಒಂದೆರಡು ತಿಂಗಳಲ್ಲಿ ಮುಗಿಯಬೇಕಾದ ಹುಡುಕಾಟ ವರ್ಷದವರೆಗೆ ಎಳೆಯುವುದು ಇದರಿಂದಲೇ. ಗುಟ್ಟನ್ನು ಒಂದು ತಿಂಗಳು ಹೊತ್ತುಕೊಳ್ಳಬಹುದು. ವರ್ಷಗಟ್ಟಲೆ ಹೊತ್ತರೆ ಯಾರ ಬೆನ್ನೂ ಬಾಗುತ್ತದೆ.

ಇದಕ್ಕೆ ಬೇಸತ್ತು ಕೆಲವರು ಕೈಯಲ್ಲಿ ಏನೂ ಇಲ್ಲದೆ ಮೊದಲೇ ರಾಜೀನಾಮೆ ಕೊಡುತ್ತಾರೆ. ನೋಟಿಸಿನ ದಿನಗಳು ಕರಗುತ್ತ ಬಂದಂತೆ ಕರೆಗಳು ಹೆಚ್ಚುತ್ತವೆ ಎಂಬುದೇ ಅವರ ಲೆಕ್ಕ. ಕರೆಗಳೇನೋ ಹೆಚ್ಚುತ್ತವೆ. ಆದರೆ ತೊಂಬತ್ತನೆಯ ದಿನ ಬಂದರೂ ಕೆಲಸ ಸಿಗದಿದ್ದರೆ ಮನೆಯ ಬಾಡಿಗೆ ಕಟ್ಟುವವರು ಯಾರು? ಉಳಿದ ದಾರಿ ಹಣ ಕಟ್ಟಿ ಬೇಗ ಬಿಡುವುದು. ನಮ್ಮ ಹುಡುಗಿ ಮೂವತ್ತು ದಿನ ದುಡಿದು ಉಳಿದ ಅರವತ್ತು ದಿನಕ್ಕೆ ಹಣ ಕಟ್ಟಬೇಕೆಂದಿರಲಿ. ಪೂರ್ತಿ ಸಂಬಳದ ಲೆಕ್ಕವಾದರೆ ತೊಂಬತ್ತು ಸಾವಿರ. ಮೂಲ ವೇತನದ ಲೆಕ್ಕವಾದರೆ, ಅವಳದು ಇಪ್ಪತ್ತು ಸಾವಿರ ಇರುವುದರಿಂದ, ನಲವತ್ತು ಸಾವಿರ. ಯಾವುದು ಎಂಬುದು ಪತ್ರದ ಒಂದೇ ಪದದಲ್ಲಿ ಅಡಗಿರುತ್ತದೆ. ಅದರ ಮುಂದಿನ ಸಾಲನ್ನೂ ಓದಬೇಕು. ಕಂಪನಿ ಹಣ ಕೊಟ್ಟು ಅವಳನ್ನು ಅಂದೇ ಕಳಿಸಬಹುದು. ಅವಳು ಹಣ ಕಟ್ಟಿ ಹೋಗಬೇಕಾದರೆ ಮಾತ್ರ ಕಂಪನಿಯ ಒಪ್ಪಿಗೆ ಬೇಕು! ತಕ್ಕಡಿಯ ಒಂದು ತಟ್ಟೆಗೆ ಮೊದಲೇ ಕಲ್ಲು ಕಟ್ಟಿದ್ದಾರೆ.

'ಒಪ್ಪದಿದ್ದರೆ ಏನು ಮಾಡುತ್ತಾರೆ?' ಎಂದು ಕೇಳಬಹುದು. ಯಾರನ್ನೂ ಬಲವಂತವಾಗಿ ದುಡಿಸಿಕೊಳ್ಳಲು ನಮ್ಮ ಕಾನೂನಿನಲ್ಲಿ ಅವಕಾಶವಿಲ್ಲ. ಹೆಚ್ಚೆಂದರೆ ನಷ್ಟ ಕೇಳಬಹುದು. ಆದರೆ 'ಬಿಡುಗಡೆ ಪತ್ರ' ಎಂಬ ಒಂದು ಹಾಳೆಯನ್ನು ತಡೆಹಿಡಿದರೆ ಸಾಕು, ಹೊಸ ಕಂಪನಿ ಬಾಗಿಲಲ್ಲೇ ನಿಲ್ಲಿಸುತ್ತದೆ. ಹುಡುಗಿಯರ ಭಯಕ್ಕೆ ಬೇರು ಅಲ್ಲಿದೆ.

ಇನ್ನು ಬಾಂಡು. 1872ರ ಕರಾರು ಕಾಯಿದೆಯ 27ನೆಯ ಕಲಮಿನ ಪ್ರಕಾರ, ಕೆಲಸ ಬಿಟ್ಟ ಮೇಲೆ ಇಂಥ ಕಡೆ ದುಡಿಯಕೂಡದು ಎಂಬ ಕರಾರು ನಿಲ್ಲುವುದಿಲ್ಲ. ಇದನ್ನೇ ನೆಚ್ಚಿಕೊಂಡು ಎಲ್ಲ ಬಾಂಡೂ ಕಸದ ಬುಟ್ಟಿಗೆ ಎಂದುಕೊಂಡರೆ ತಪ್ಪಾಗುತ್ತದೆ. ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷ ತುಂಬುವ ಮೊದಲೇ, 2009ರಲ್ಲಿ, ಬೇರೆ ಬ್ಯಾಂಕಿಗೆ ಹೋಗುವಾಗ ಬಾಂಡಿನಂತೆ ಎರಡು ಲಕ್ಷ ರೂಪಾಯಿ ಕಟ್ಟಿ, ಆಮೇಲೆ ಮೊಕದ್ದಮೆ ಹೂಡಿದರು. ಕರ್ನಾಟಕ ಹೈಕೋರ್ಟ್ ಅವರ ಪರವಾಗಿ ಹೇಳಿತು. ಆದರೆ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ, ಕೆಲಸದಲ್ಲಿರುವಾಗಿನ ಇಂಥ ಷರತ್ತು ಸಿಂಧು ಎಂದಿತು. ಸರ್ಕಾರಿ ಬ್ಯಾಂಕು ಮತ್ತೆ ನೇಮಕಾತಿ ನಡೆಸುವ ಖರ್ಚನ್ನೂ ಪರಿಗಣಿಸಿತು. ಆದ್ದರಿಂದ ಸಹಿ ಹಾಕುವ ದಿನವೇ ಬಾಂಡಿನ ಮೊತ್ತ ಮತ್ತು ಅವಧಿಯನ್ನು ಓದಿಕೊಳ್ಳಿ.

ನಿಯತ್ತಿನ ಪಾಠ ಹೇಳುವವರಿಗೆ ನನ್ನದೊಂದು ಪ್ರಶ್ನೆಯಿದೆ. 2025ರ ಫೆಬ್ರವರಿಯಲ್ಲಿ ಮೈಸೂರಿನ ಇನ್ಫೋಸಿಸ್ ಕ್ಯಾಂಪಸ್ಸಿನಿಂದ ಮುನ್ನೂರಕ್ಕೂ ಹೆಚ್ಚು ತರಬೇತಿಯ ಹುಡುಗ ಹುಡುಗಿಯರನ್ನು ಕಳಿಸಲಾಯಿತು. ಮೂರು ಅವಕಾಶ ಕೊಟ್ಟರೂ ಪರೀಕ್ಷೆ ಪಾಸಾಗಲಿಲ್ಲ ಎಂದು ಕಂಪನಿ ಹೇಳಿತು. ಅವರಲ್ಲಿ ಹಲವರು ನೇಮಕದ ಪತ್ರ ಹಿಡಿದು ಎರಡು ವರ್ಷ ಕಾದು ಸೇರಿದವರು. ಕಂಪನಿ ತನ್ನ ಲೆಕ್ಕ ನೋಡಿಕೊಂಡಿತು, ನೋಡಿಕೊಳ್ಳಲಿ. ಹುಡುಗಿ ತನ್ನ ಲೆಕ್ಕ ನೋಡಿಕೊಂಡರೆ ಮಾತ್ರ ಅದು ದ್ರೋಹ ಹೇಗಾಗುತ್ತದೆ?

ಹಾಗೆಂದು ಎಲ್ಲ ಗುಟ್ಟೂ ಒಂದೇ ಅಲ್ಲ. 2022ರಲ್ಲಿ ವಿಪ್ರೋ ಮುನ್ನೂರು ನೌಕರರನ್ನು ತೆಗೆದಾಗ, ಅವರು ಅದೇ ಹೊತ್ತಿಗೆ ಪ್ರತಿಸ್ಪರ್ಧಿ ಕಂಪನಿಗಳಿಗೂ ದುಡಿಯುತ್ತಿದ್ದರು ಎಂದು ಅಧ್ಯಕ್ಷ ರಿಷದ್ ಪ್ರೇಮ್‌ಜಿಯವರೇ ಬಹಿರಂಗವಾಗಿ ಹೇಳಿದರು. ಎರಡು ಕಡೆ ದುಡಿಯುವುದು ಬೇರೆ, ಇನ್ನೊಂದು ಕಡೆ ಹುಡುಕುವುದು ಬೇರೆ. ಕಂಪನಿಯ ಕಡತ ಹೊತ್ತುಕೊಂಡು ಹೋಗುವುದು, ಕೆಲಸದ ಹೊತ್ತಿನಲ್ಲಿ ಸಂದರ್ಶನಕ್ಕೆ ಕೂರುವುದು, ಇವು ತಪ್ಪೇ. ಅಜ್ಜಿಗೆ ಜ್ವರ ಬರಿಸುವ ಅಗತ್ಯವೂ ಇಲ್ಲ. ತನ್ನ ಖಾತೆಯ ರಜೆಗೆ 'ಸ್ವಂತ ಕೆಲಸ' ಎಂದು ಬರೆದರೆ ಸಾಕು, ಅದು ಅಪ್ಪಟ ನಿಜ. ಸಂದರ್ಶನವನ್ನು ಬೆಳಿಗ್ಗೆ ಎಂಟಕ್ಕೋ ರಾತ್ರಿ ಏಳರ ಮೇಲೋ ಇಡಿ ಎಂದು ಕೇಳಿದರೆ ಬಹಳ ಮಂದಿ ಒಪ್ಪುತ್ತಾರೆ. ನಮ್ಮ ಹುಡುಗಿಗೆ ಇದನ್ನೇ ಹೇಳಿದೆ. ಸುಳ್ಳು ನಿಂತ ಮೇಲೆ ಅವಳ ಹೊಟ್ಟೆ ತೊಳಸುವುದು ಅರ್ಧ ಕಡಿಮೆಯಾಯಿತು.

ಗುಟ್ಟು ಒಡೆಯುವುದು ಹೇಗೆಂದೂ ತಿಳಿದಿರಲಿ. ನೌಕರಿ ಡಾಟ್ ಕಾಮಿನಂಥ ತಾಣದಲ್ಲಿ ನಾವು ಹಾಕಿದ ವಿವರವನ್ನು ಹೊಸ ಕಂಪನಿಯವರಂತೆ ನಮ್ಮದೇ ಕಂಪನಿಯ ನೇಮಕಾತಿ ವಿಭಾಗದವರೂ ನೋಡುತ್ತಿರುತ್ತಾರೆ. ಇಂಥ ಕಂಪನಿಗೆ ಕಾಣದಿರಲಿ ಎಂದು ಗುರುತು ಹಾಕುವ ಸೌಲಭ್ಯ ಅಲ್ಲೇ ಇದೆ, ಮೊದಲು ಅದನ್ನು ಮಾಡಬೇಕು. ಆಫೀಸಿನ ಲ್ಯಾಪ್‌ಟಾಪಿನಲ್ಲಿ ಅರ್ಜಿ ಬರೆಯಬಾರದು. ಎಲ್ಲಕ್ಕಿಂತ ಹೆಚ್ಚಾಗಿ, ಊಟದ ಮೇಜಿನ ಗೆಳತಿಗೆ ಹೇಳಬಾರದು.

ಸರ್ಕಾರಿ ನೌಕರರು ಬೇರೆ ಹುದ್ದೆಗೆ ಅರ್ಜಿ ಹಾಕುವಾಗ ಇಲಾಖೆಯಿಂದಲೇ ನಿರಾಕ್ಷೇಪಣಾ ಪತ್ರ ಪಡೆಯುತ್ತಾರೆ. ಶಾಲೆಯ ಮೇಷ್ಟ್ರು ತಹಶೀಲ್ದಾರರಾಗಲು ಪರೀಕ್ಷೆ ಕಟ್ಟಿದರೆ ಸ್ಟಾಫ್ ರೂಮಿನಲ್ಲಿ ಕಾಫಿ ಕೊಡಿಸಿ ಎನ್ನುತ್ತೇವೆ, ದ್ರೋಹಿ ಎನ್ನುವುದಿಲ್ಲ. ಬಹಿರಂಗವಾಗಿ ಹುಡುಕಲು ದಾರಿಯಿದ್ದರೆ ಯಾರೂ ಮೆಟ್ಟಿಲ ಸಂದಿಗೆ ಓಡುವುದಿಲ್ಲ. ನೋಟಿಸ್ ಇಬ್ಬರಿಗೂ ಒಂದೇ ತಿಂಗಳಾಗಲಿ, ಹಣ ಕಟ್ಟಿ ಹೋಗುವ ಹಕ್ಕು ಇಬ್ಬರಿಗೂ ಇರಲಿ. ಅಲ್ಲಿಯವರೆಗೆ ಈ ಗುಟ್ಟಿನ ಪಾಪವನ್ನು ನಮ್ಮ ಹೆಣ್ಣುಮಕ್ಕಳ ತಲೆಗೆ ಕಟ್ಟಬೇಡಿ. ಆ ಷರತ್ತು ಬರೆದವರು ಅವರಲ್ಲ.