ಆ ರಾತ್ರಿ ಕೂಗಿದವರಲ್ಲಿ ನಾನೂ ಒಬ್ಬ

"ಇಂಜೆಕ್ಷನ್ ಕೊಟ್ಟು ಸಾಯಿಸಿಬಿಟ್ಟರು!" ಇಷ್ಟು ವರ್ಷದ ಮುಂಬಯಿ ವಾಸದಲ್ಲಿ ಈ ಮಾತನ್ನು ಎಷ್ಟು ಆಸ್ಪತ್ರೆಗಳ ಬಾಗಿಲಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಒಂದು ಸಲ ನಾನೇ ಕೂಗಿದ್ದೇನೆ. ಆ ನಾಚಿಕೆಯಿಂದಲೇ ಇದನ್ನು ಬರೀತಿದ್ದೇನೆ.

ನಮ್ಮ ಬಿಲ್ಡಿಂಗಿನ ಹಿರಿಯರೊಬ್ಬರನ್ನು ನಾನು ಅಣ್ಣ ಅಂತಲೇ ಕರೀತಿದ್ದೆ. ಒಂದು ರಾತ್ರಿ ಒಂಬತ್ತಕ್ಕೆ ಅವರಿಗೆ ಎದೆ ಹಿಡಿದುಕೊಂಡಿತು, ಬೆವರೂ ಬಂತು. ಗ್ಯಾಸು ಅಂದುಕೊಂಡು ಮಾತ್ರೆ ನುಂಗಿಸಿದೆವು. "ಬೆಳಿಗ್ಗೆ ನೋಡೋಣ ಬಿಡಿ" ಅಂತ ಹೇಳಿದವನು ನಾನೇ. ಎರಡೂವರೆಗೆ ಕುಸಿದು ಬಿದ್ದರು. ರಿಕ್ಷಾದಲ್ಲಿ ಮಲಗಿಸಿಕೊಂಡು ಹೋಗಿ ಆಸ್ಪತ್ರೆ ಮುಟ್ಟಿದಾಗ ಮೂರು ಗಂಟೆ.

ಒಳಗೆ ಇದ್ದದ್ದು ಸುಮಾರು ಇಪ್ಪತ್ತಾರರ ಒಬ್ಬ ಡಾಕ್ಟರು ಹುಡುಗಿ. ನಾಡಿ ನೋಡಿದವಳೇ ಎದೆ ಒತ್ತಲು ಶುರು ಮಾಡಿದಳು. ಇಂಜೆಕ್ಷನ್ ಕೊಟ್ಟಳು, ಮತ್ತೆ ಕೊಟ್ಟಳು. ಅರ್ಧ ಗಂಟೆಯ ಮೇಲೆ ಹೊರಗೆ ಬಂದು "ಉಳಿಸಲಾಗಲಿಲ್ಲ" ಅಂದಳು. ಅಣ್ಣನ ಎದೆಯ ಮೇಲೆ ನೀಲಿ ಗುರುತು ನೋಡಿ ಮಗ ಚೀರಿದ. ನಾವು ಹತ್ತು ಜನ ಸುತ್ತುವರಿದೆವು. "ಸೀನಿಯರ್ ಎಲ್ಲಿ? ನಿನ್ನನ್ನು ಬಿಡೋದಿಲ್ಲ" ಅಂದದ್ದು ನನ್ನ ಬಾಯಿ. ಅವಳು ಗೋಡೆಗೆ ಒತ್ತಿ ನಿಂತಳು. ವಾಚ್‌ಮನ್ ಬಂದು ಬಿಡಿಸಿದ.

ಹದಿನೈದು ದಿನದ ಮೇಲೆ ವಿಮೆಯ ಕೆಲಸಕ್ಕೆ ಕೇಸ್ ಪೇಪರ್ ತರಲು ನಾನೇ ಹೋದೆ. ಮೊದಲ ಸಾಲಿನಲ್ಲೇ ಇತ್ತು: ಬಂದಾಗ ನಾಡಿ ಇಲ್ಲ, ಉಸಿರಿಲ್ಲ, ಇಸಿಜಿಯಲ್ಲಿ ನೇರ ಗೆರೆ. ಅಂದರೆ ನಾವು ಒಯ್ದಾಗಲೇ ಅಣ್ಣನ ಹೃದಯ ನಿಂತಿತ್ತು. ನಾವು ಬೈದ ಇಂಜೆಕ್ಷನ್ ಅಡ್ರಿನಾಲಿನ್, ನಿಂತ ಹೃದಯವನ್ನು ಮತ್ತೆ ಹೊಡೆಸಲು ಮೂರರಿಂದ ಐದು ನಿಮಿಷಕ್ಕೊಮ್ಮೆ ಒಂದೊಂದು ಮಿಲಿಗ್ರಾಂ ಕೊಡುವ ಔಷಧ. ಎದೆಯನ್ನು ಎರಡು ಇಂಚು ಒಳಗೆ ಹೋಗುವಂತೆ ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಒತ್ತಬೇಕು. ಸರಿಯಾಗಿ ಒತ್ತಿದರೂ ಪಕ್ಕೆಲುಬು ಮುರಿಯುವುದುಂಟು. ನಾವು ಕೊಲೆಯ ಗುರುತು ಅಂದುಕೊಂಡದ್ದು ಉಳಿಸಲು ನೋಡಿದ ಗುರುತು.

ಹಾಗಾದರೆ ಸಿಟ್ಟು ಯಾಕೆ ಬಂತು? ಒಂಬತ್ತರಿಂದ ಎರಡೂವರೆವರೆಗೆ ಕಳೆದುಹೋದ ಐದೂವರೆ ಗಂಟೆಗೆ ಯಾರೋ ಒಬ್ಬರು ಹೊಣೆ ಆಗಬೇಕಿತ್ತು. ಅದು ನಾನಾಗಲು ನನ್ನಿಂದ ಆಗಲಿಲ್ಲ. ಕೊನೆಗೆ ಮುಟ್ಟಿದವಳು ಎದುರಿಗೆ ಸಿಕ್ಕಳು.

ಅಂದು ಅವಳೂ ಸಿಕ್ಕಿದಳು. ಕ್ಷಮೆ ಕೇಳಿದೆ. ಅವಳು ಅಂದದ್ದು ಇಷ್ಟು: "ಅಂಕಲ್, ನೀವು ಹೋದ ಹತ್ತು ನಿಮಿಷಕ್ಕೆ ಇನ್ನೊಂದು ಪೇಶಂಟ್ ಬಂತು. ಕೈ ನಡುಗುತ್ತಿತ್ತು. ಈಗಲೂ ಸಿರಿಂಜ್ ತುಂಬುವಾಗ ಮೊದಲು ಬಾಗಿಲ ಕಡೆ ನೋಡ್ತೀನಿ, ಹೊರಗೆ ಎಷ್ಟು ಜನ ಇದ್ದಾರೆ ಅಂತ." ಆ ನೋಟದಲ್ಲಿ ಹೋಗುವ ಕ್ಷಣಗಳು ನಾಳೆ ಯಾರ ಅಣ್ಣನದೋ!

"ಆಸ್ಪತ್ರೆಗಳು ಸುಲಿಗೆ ಮಾಡ್ತವಲ್ಲ" ಅಂತ ನೀವು ಕೇಳಬಹುದು. ಮಾಡುವವು ಇವೆ. ಆದರೆ 2019ರ ಜೂನ್‌ನಲ್ಲಿ ಕೋಲ್ಕತಾದ ಎನ್‌ಆರ್‌ಎಸ್‌ನಲ್ಲಿ ವೃದ್ಧ ರೋಗಿ ಸತ್ತಾಗ ಗುಂಪು ಕಿರಿಯ ಡಾಕ್ಟರೊಬ್ಬರ ತಲೆಬುರುಡೆ ಒಡೆಯಿತು. ಅದು ಸರ್ಕಾರಿ ಆಸ್ಪತ್ರೆ, ಸುಲಿಗೆಯ ಮಾತೆಲ್ಲಿ? 2022ರ ಮಾರ್ಚ್‌ನಲ್ಲಿ ರಾಜಸ್ಥಾನದ ದೌಸಾ ಜಿಲ್ಲೆಯಲ್ಲಿ ಬಾಣಂತಿಯೊಬ್ಬಳು ರಕ್ತಸ್ರಾವದಿಂದ ತೀರಿಕೊಂಡಳು. ಹೆರಿಗೆಯ ನಂತರ ಗರ್ಭಕೋಶ ಬಿಗಿಯದಿದ್ದರೆ ಕೆಲವೇ ನಿಮಿಷದಲ್ಲಿ ಲೀಟರುಗಟ್ಟಲೆ ರಕ್ತ ಹೋಗುತ್ತೆ, ಎಂಥ ಕೈಯಲ್ಲೂ ಜೀವ ಉಳಿಯದೆ ಹೋಗಬಹುದು. ಶವ ಇಟ್ಟು ಪ್ರತಿಭಟನೆ ನಡೆಯಿತು, ಪೊಲೀಸರು ಕೊಲೆ ಕೇಸು ಹಾಕಿದರು. ಆ ಡಾಕ್ಟರಮ್ಮ ಜೀವ ಕಳೆದುಕೊಂಡರು. ಡಾಕ್ಟರ ಮೇಲೆ ಕ್ರಿಮಿನಲ್ ಕೇಸು ನಡೆಸುವ ಮೊದಲು ಬೇರೆ ವೈದ್ಯರ ಅಭಿಪ್ರಾಯ ಪಡೆಯಿರಿ, ಸುಮ್ಮನೆ ಬಂಧಿಸಬೇಡಿ ಅಂತ ಸುಪ್ರೀಂ ಕೋರ್ಟು 2005ರಲ್ಲೇ ಹೇಳಿತ್ತು. ಗುಂಪಿನ ಎದುರು ಅದನ್ನು ಓದುವವರಾರು?

ಅನುಮಾನ ಇದ್ದರೆ ಕೂಗಬೇಡಿ, ಕೇಸ್ ಪೇಪರ್ ಬೇಕು ಅಂತ ಬರೆದು ಕೊಡಿ. 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮವಿದೆ. ಶವ ಒಯ್ಯುವ ಮೊದಲೇ ಪೋಸ್ಟ್‌ಮಾರ್ಟಮ್ ಕೇಳಿ. ನಿಜವಾದ ತಪ್ಪು ಸಿಕ್ಕುವುದು ಅಲ್ಲಿ. ಆಸ್ಪತ್ರೆಯವರಿಗೂ ಒಂದು ಮಾತು: ಸಾವಿನ ಸುದ್ದಿ ಹೇಳಲು ಎಲ್ಲರಿಗಿಂತ ಚಿಕ್ಕವಳನ್ನು ಒಬ್ಬಳೇ ಕಾರಿಡಾರಿಗೆ ಕಳಿಸಬೇಡಿ. ದೊಡ್ಡವರು ಬಂದು, ಕೂರಿಸಿ, "ಬರುವಾಗಲೇ ಹೃದಯ ನಿಂತಿತ್ತು" ಅಂತ ಮೊದಲೇ ಹೇಳಿದ್ದರೆ ನನ್ನ ಬಾಯಿ ಅಷ್ಟು ಹೋಗುತ್ತಿರಲಿಲ್ಲವೇನೋ.

ಹೋಗಬಾರದಿತ್ತು, ಅದು ಬೇರೆ ಮಾತು. ನಿಮ್ಮಲ್ಲೂ ಯಾರಾದರೂ ಹೀಗೆ ಕೂಗಿದ್ದೀರಾ? ನಿಜ ಹೇಳಿ.