ನಾನು ಬರೆದಿದ್ದು ರಿಪೋರ್ಟ್ ಅಲ್ಲ, ಕ್ಷಮಾಪಣೆ ಪತ್ರ

ಫಾರ್ಮಸಿ ಪೋಸ್ಟಿಂಗ್ ಕಥೆ, ಭಾಗ 4 💊

ಬಂಗಾರಪೇಟೆಯಿಂದ ಕೆಜಿಎಫ್ ಕಡೆ ಪೋಸ್ಟಿಂಗ್‌ಗೆ ಹೋಗ್ತಿದ್ದೆ ಅಂತ ಹೇಳಿದ್ನಲ್ಲ, ಅಲ್ಲಿನ ಒಂದು ಆಸ್ಪತ್ರೆಯ ಫಾರ್ಮಸಿಯಲ್ಲಿ ನಡೆದದ್ದು. ವಾರ್ಡಿಂದ ಇಂಡೆಂಟ್ ಬಂತು: ಇನ್ಸುಲಿನ್ 30/70 ವಯಲ್ ಒಂದು, ಇನ್ಸುಲಿನ್ ಸಿರಿಂಜ್ ಹತ್ತು. ನಾನೇ ತೆಗೆದು ಕಳಿಸಿದೆ. ವಯಲ್ 40 ಐಯುದು. ಸಿರಿಂಜ್ ಮಾತ್ರ ಕಿತ್ತಳೆ ಮುಚ್ಚಳದ್ದು, ಅಂದ್ರೆ 100 ಐಯುದು. ಕೆಂಪು ಮುಚ್ಚಳದ್ದು ಹೋಗಬೇಕಿತ್ತು. ವಾರ್ಡ್ ಸಿಸ್ಟರ್ ಔಷಧಿ ಎಳೆಯೋ ಮುಂಚೆ ನೋಡಿ ವಾಪಸ್ ಕಳಿಸಿದ್ರು.

ಇನ್ಸಿಡೆಂಟ್ ಫಾರ್ಮ್‌ನಲ್ಲಿ ನಾನು ಬರೆದದ್ದು ಹೀಗೆ: "ನನ್ನ ನಿರ್ಲಕ್ಷ್ಯದಿಂದ ತಪ್ಪು ಸಿರಿಂಜ್ ಹೋಯಿತು. ಕ್ಷಮೆ ಇರಲಿ. ಇನ್ನು ಮುಂದೆ ಜಾಗ್ರತೆಯಿಂದ ಇರುತ್ತೇನೆ."

ನಮ್ಮ ಸೀನಿಯರ್ ಮೇಡಂ ಓದಿ ಕೇಳಿದ್ದು ಒಂದೇ: "ಸಿರಿಂಜ್ ಎಲ್ಲಿತ್ತು ಅಂತ ಇದ್ರಲ್ಲಿ ಎಲ್ಲಿದೆಯಪ್ಪಾ?"

ಬೇರೆಯವರನ್ನ ದೂರಬಾರದು ಅಂತ ಎಲ್ಲರೂ ಹೇಳ್ತಾರೆ. ನನ್ನ ಪ್ರಕಾರ ನಮ್ಮನ್ನ ನಾವೇ ದೂರಿಕೊಂಡು ಬರೆಯೋದೂ ಅಷ್ಟೇ ಕೆಟ್ಟದ್ದು. "ನಿರ್ಲಕ್ಷ್ಯ" ಅಂತ ಬರೆದ ತಕ್ಷಣ ಓದೋರಿಗೆ ಉತ್ತರ ಸಿಕ್ಕಿಬಿಡುತ್ತೆ, ಆಮೇಲೆ ಯಾರೂ ಟ್ರೇ ನೋಡೋಕೆ ಹೋಗಲ್ಲ.

ಎರಡನೇ ಸಲ ಬರೆದದ್ದು:

"ಸಂಜೆ 5.40: ಇಂಡೆಂಟ್ ಬಂತು. ಸಿರಿಂಜ್ 40ರದೋ 100ರದೋ ಅಂತ ಅದರಲ್ಲಿ ಇರಲಿಲ್ಲ. ಎರಡೂ ಬಗೆ ಒಂದೇ ಟ್ರೇನಲ್ಲಿದ್ದವು. ಕೌಂಟರ್‌ನಲ್ಲಿದ್ದ ವಿದ್ಯಾರ್ಥಿ 40 ಐಯು ವಯಲ್ ಜೊತೆ 100 ಐಯು ಸಿರಿಂಜ್ ಕಳಿಸಿದರು. ಎರಡನೆಯವರು ಚೆಕ್ ಮಾಡಲಿಲ್ಲ. 6.05: ವಾರ್ಡ್ ನರ್ಸ್ ಮುಚ್ಚಳದ ಬಣ್ಣ ನೋಡಿ ಗುರುತಿಸಿದರು. ರೋಗಿಗೆ ಡೋಸ್ ಕೊಟ್ಟಿರಲಿಲ್ಲ. 6.20: ಸಿರಿಂಜ್ ಬದಲಾಯಿಸಲಾಯಿತು."

ಏನಾಗಬಹುದಿತ್ತು ಅನ್ನೋ ಕಾಲಂನಲ್ಲಿ "ಜೀವಕ್ಕೇ ಅಪಾಯವಿತ್ತು" ಅಂತ ಬರೆಯೋಕೆ ಕೈ ಹೋಗುತ್ತೆ. ಬೇಡ, ಲೆಕ್ಕ ಬರೀರಿ. ಡೋಸ್ 20 ಯೂನಿಟ್. 100ರ ಸಿರಿಂಜಲ್ಲಿ 20ರ ಗೆರೆ ಅಂದ್ರೆ 0.2 ಮಿಲಿ. 40 ಐಯು ವಯಲ್‌ನ 0.2 ಮಿಲಿಯಲ್ಲಿ ಇರೋದು 8 ಯೂನಿಟ್ ಮಾತ್ರ. ಶುಗರ್ ಇಳಿಯಲ್ಲ, ಡಾಕ್ಟರ್ ಡೋಸ್ ಏರಿಸ್ತಾರೆ, ನಾಳೆ ಸರಿಯಾದ ಸಿರಿಂಜ್ ಬಂದ್ರೆ ಶುಗರ್ ಕುಸಿಯುತ್ತೆ. ಉಲ್ಟಾ ಆಗಿದ್ರೆ, ಅಂದ್ರೆ 100ರ ಇನ್ಸುಲಿನ್ 40ರ ಸಿರಿಂಜಲ್ಲಿ ಎಳೆದಿದ್ರೆ, 20ರ ಬದಲು 50 ಯೂನಿಟ್ ಒಳಗೆ ಹೋಗ್ತಿತ್ತು.

"ಹೆಸರು ಬರೀದಿದ್ರೆ ತಪ್ಪು ಮಾಡಿದೋರು ಬಚಾವ್ ಅಲ್ವಾ?" ಅಂತ ಒಬ್ಬ ಕ್ಲಾಸ್‌ಮೇಟ್ ಕೇಳಿದ. ಡ್ಯೂಟಿ ಪಟ್ಟಿ ಇದ್ದೇ ಇರುತ್ತೆ ಗುರು, ಯಾರಿದ್ರು ಅಂತ ಎಲ್ಲರಿಗೂ ಗೊತ್ತು. ಹೆಸರು ಬೇಡ, ಕೆಲಸ ಬೇಕು: ತೆಗೆದವರು, ಚೆಕ್ ಮಾಡಬೇಕಿದ್ದವರು, ಗುರುತಿಸಿದವರು. "ತಪ್ಪು ಸಿರಿಂಜ್ ಕಳಿಸಲಾಯಿತು" ಅಂತ ಮಾತ್ರ ಬರೆದ್ರೆ ಯಾವ ಹಂತದಲ್ಲಿ ತಪ್ಪಿತು ಅನ್ನೋದೇ ಮುಚ್ಚಿಹೋಗುತ್ತೆ. ಅದೂ ಸುಳ್ಳಿಗೆ ಹತ್ತಿರವೇ.

ಆ ಫಾರ್ಮ್ ಹೋದ ವಾರದಲ್ಲೇ ಟ್ರೇ ಎರಡಾಯ್ತು, ಇಂಡೆಂಟ್‌ನಲ್ಲಿ "40 / 100" ಅಂತ ಗುರುತು ಹಾಕೋ ಜಾಗ ಬಂತು. ನಿಮ್ಮ ಪೋಸ್ಟಿಂಗ್ ಜಾಗದಲ್ಲಿ ಸಿರಿಂಜ್ ಟ್ರೇ ಒಂದಾ, ಎರಡಾ? ನಾಳೆ ನೋಡಿ ಬಂದು ಕಾಮೆಂಟಲ್ಲಿ ಹೇಳಿ 👇